ಪತ್ರ ಅಚ್ಚಾಗುವ ಮೊದಲು ನಿಮಗೊಂದು ಫೋನ್ ಕರೆ



ಕೆಲವು ತಿಂಗಳಿಂದ ನಮ್ಮ ಪತ್ರ ವಿಭಾಗದವರು ನಿಮ್ಮಲ್ಲಿ ಅನೇಕರಿಗೆ ಫೋನ್ ಮಾಡಿದ್ದಾರೆ. ‘ಈ ಪತ್ರ ಬರೆದವರು ನೀವೇನಾ?’ ಎಂದು ಕೇಳಿದಾಗ ಕೆಲವರು ಖುಷಿಪಟ್ಟರು, ಕೆಲವರು ಬೇಸರಪಟ್ಟರು. ‘ಮೂವತ್ತು ವರ್ಷದಿಂದ ನಿಮ್ಮ ಪತ್ರಿಕೆಗೆ ಬರೀತಾ ಇದ್ದೀನಿ, ಈಗ ನನ್ನ ಮೇಲೆ ಅನುಮಾನವಾ?’ ಎಂದು ಹಿರಿಯರೊಬ್ಬರು ನನ್ನನ್ನೇ ಕೇಳಿದರು. ಓದುಗರ ಸಂಪಾದಕನಾಗಿ ಅವರಿಗೆ ಉತ್ತರ ಕೊಡಬೇಕಾದವನು ನಾನು. ಅವರೊಬ್ಬರಿಗೇ ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಎಲ್ಲರಿಗೂ ಬರೆಯುತ್ತಿದ್ದೇನೆ.

ಓದುಗರ ಪತ್ರಗಳ ಅಂಕಣ ನಿಂತಿರುವುದು ಒಂದೇ ಒಂದು ನಂಬಿಕೆಯ ಮೇಲೆ: ಪತ್ರದ ಕೆಳಗೆ ಹೆಸರಿರುವ ವ್ಯಕ್ತಿ ಆ ಊರಿನಲ್ಲಿ ಇದ್ದಾರೆ, ಬರೆದದ್ದನ್ನು ಕಂಡಿದ್ದಾರೆ ಅಥವಾ ಯೋಚಿಸಿದ್ದಾರೆ. ಈ ನಂಬಿಕೆಗೆ ಪೆಟ್ಟು ಬೀಳುವುದು ಚಾಟ್‌ಜಿಪಿಟಿಯಂಥ ಬರೆಯುವ ಯಂತ್ರದಿಂದ ಶುರುವಾಗಲಿಲ್ಲ. 2003ರಲ್ಲಿ ಅಮೆರಿಕದ ಕನಿಷ್ಠ ಹನ್ನೊಂದು ಪತ್ರಿಕೆಗಳಲ್ಲಿ ಇರಾಕ್‌ನ ಕಿರ್ಕುಕ್‌ನಲ್ಲಿದ್ದ ಸೈನಿಕರ ಪತ್ರಗಳು ಅಚ್ಚಾದವು. ಐದು ಪ್ಯಾರಾ, ಒಂದೇ ಒಕ್ಕಣೆ, ಸಹಿ ಮಾತ್ರ ಬೇರೆ ಬೇರೆ. ಒಬ್ಬ ಸೈನಿಕನಿಗೆ ‘ನಿನ್ನ ಪತ್ರ ಚೆನ್ನಾಗಿದೆ’ ಎಂದು ತಂದೆಯಿಂದ ಫೋನ್ ಬಂದಾಗಲೇ ತನ್ನ ಹೆಸರಲ್ಲಿ ಪತ್ರ ಅಚ್ಚಾದ ವಿಷಯ ಗೊತ್ತಾದದ್ದು. ಅದು ಬಯಲಿಗೆ ಬಂದ ದಾರಿ ಸರಳವಾಗಿತ್ತು. ವಾಷಿಂಗ್ಟನ್ ರಾಜ್ಯದ ‘ದಿ ಒಲಿಂಪಿಯನ್’ ಪತ್ರಿಕೆಗೆ ಒಂದೇ ಪತ್ರ ಎರಡು ಹೆಸರಿನಲ್ಲಿ ಬಂದಿತ್ತು. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಸಾಕಾಗಿತ್ತು.

ಈಗ ಹಾಗೆ ಪಕ್ಕಪಕ್ಕ ಇಟ್ಟರೆ ಏನೂ ಸಿಗುವುದಿಲ್ಲ. ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಜನರ ಕೈಗೆ ಬಂತು. ಒಂದೇ ಅಭಿಪ್ರಾಯವನ್ನು ನೂರು ಜನ ನೂರು ರೀತಿಯಲ್ಲಿ ಬರೆದಂತೆ ಕಾಣಿಸುವ ಕೆಲಸ ಅಂದಿನಿಂದ ಕೆಲವು ನಿಮಿಷದ್ದಾಗಿದೆ. ಪದಗಳು ಬೇರೆ, ವಾಕ್ಯಗಳು ಬೇರೆ, ಆದರೆ ಒಳಗಿನ ಆಲೋಚನೆ ಒಬ್ಬರದೇ.

ಹಾಗಾದರೆ ಯಂತ್ರ ಬರೆದದ್ದನ್ನು ಹಿಡಿಯುವ ತಂತ್ರಾಂಶ ಇದೆಯಲ್ಲ, ಅದಕ್ಕೆ ಹಾಕಿ ನೋಡಬಾರದೇ ಎಂದು ಅನೇಕರು ಕೇಳುತ್ತಾರೆ. ಮೊದಲು ನಾವೂ ಅದನ್ನೇ ಮಾಡಿದೆವು. ಅದನ್ನು ಏಕೆ ಬಿಟ್ಟೆವು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಇಂಥ ತಂತ್ರಾಂಶಗಳಲ್ಲಿ ಹಲವು, ಅದರಲ್ಲೂ ಆರಂಭದವು, ಪತ್ರದ ಅರ್ಥವನ್ನು ನೋಡುವುದಿಲ್ಲ. ಅವು ಒಂದು ಊಹೆಯ ಆಟ ಆಡುತ್ತವೆ. ಇಲ್ಲಿಯವರೆಗಿನ ಪದಗಳನ್ನು ಓದಿ, ಮುಂದೆ ಯಾವ ಪದ ಬರಬಹುದು ಎಂದು ಊಹಿಸುತ್ತವೆ. ಊಹೆ ಮತ್ತೆ ಮತ್ತೆ ಸರಿಯಾದರೆ ‘ಇದು ಯಂತ್ರದ ಬರಹ’ ಎನ್ನುತ್ತವೆ, ಮತ್ತೆ ಮತ್ತೆ ತಪ್ಪಿದರೆ ‘ಮನುಷ್ಯರ ಬರಹ’ ಎನ್ನುತ್ತವೆ. ಬರೆಯುವ ಯಂತ್ರಗಳು ಕೂಡ ಬಹುಪಾಲು ಹೆಚ್ಚು ಸಂಭವನೀಯವಾದ ಪದಗಳನ್ನೇ ಆರಿಸುತ್ತಾ ಹೋಗುವುದರಿಂದ ಈ ತರ್ಕ ಮೇಲ್ನೋಟಕ್ಕೆ ಸರಿ ಎನಿಸುತ್ತದೆ.

ಆದರೆ ನಮ್ಮ ಪತ್ರ ಅಂಕಣದ ಕನ್ನಡವನ್ನು ನೆನಪಿಸಿಕೊಳ್ಳಿ. ‘ನಮ್ಮ ಬಡಾವಣೆಯ ರಸ್ತೆಯಲ್ಲಿ ಗುಂಡಿ ಬಿದ್ದು ಆರು ತಿಂಗಳಾದರೂ’ ಎಂದು ನಾನು ಅರ್ಧಕ್ಕೆ ನಿಲ್ಲಿಸಿದರೆ ಉಳಿದದ್ದನ್ನು ನೀವೇ ಪೂರ್ತಿ ಮಾಡುತ್ತೀರಿ. ‘ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸಲಿ’ ಎಂಬ ಕೊನೆಯ ಸಾಲು ಯಂತ್ರಗಳು ಹುಟ್ಟುವ ಎಷ್ಟೋ ದಶಕ ಮೊದಲೇ ನಮ್ಮ ಅಂಕಣದಲ್ಲಿ ನೆಲೆಸಿದೆ. ಅರ್ಜಿ ಬರೆದು, ಕಚೇರಿಯ ಟಿಪ್ಪಣಿ ಬರೆದು ಪಳಗಿದ ಕೈಗಳು ಹಾಗೆಯೇ ಬರೆಯುತ್ತವೆ. ಊಹಿಸಲು ಸುಲಭವಾದ ಭಾಷೆಯನ್ನು ಯಂತ್ರದ್ದು ಎನ್ನುವ ತಂತ್ರಾಂಶದ ಬಲೆಗೆ ಮೊದಲು ಬೀಳುವವರು ನಮ್ಮ ಅತ್ಯಂತ ಹಳೆಯ, ಅತ್ಯಂತ ನಿಷ್ಠಾವಂತ ಪತ್ರ ಲೇಖಕರೇ.

ಇದು ನನ್ನ ಅನಿಸಿಕೆ ಮಾತ್ರವಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಇಂಥ ಏಳು ತಂತ್ರಾಂಶಗಳಿಗೆ 91 ಇಂಗ್ಲಿಷ್ ಪ್ರಬಂಧಗಳನ್ನು ಕೊಟ್ಟರು. ಅವೆಲ್ಲವೂ ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದವು, ಎಲ್ಲವೂ ಮನುಷ್ಯರ ಬರಹ. ಸರಾಸರಿ ಶೇ 61ರಷ್ಟನ್ನು ತಂತ್ರಾಂಶಗಳು ಯಂತ್ರದ್ದೆಂದು ಹೇಳಿದವು. ಅಮೆರಿಕದ ಶಾಲಾ ಮಕ್ಕಳ ಪ್ರಬಂಧಗಳಲ್ಲಿ ಅಂಥ ತಪ್ಪು ತೀರಾ ಕಡಿಮೆ ಇತ್ತು. ಕಲಿತ ಭಾಷೆಯಲ್ಲಿ, ಗೊತ್ತಿರುವಷ್ಟು ಪದಗಳಲ್ಲಿ, ಎಚ್ಚರದಿಂದ ಬರೆಯುವವರಿಗೇ ಶಿಕ್ಷೆ ಬಿತ್ತು. ಮನೆಯಲ್ಲಿ ತುಳು, ಉರ್ದು, ಕೊಂಕಣಿ, ತೆಲುಗು ಆಡಿ ಪತ್ರಿಕೆಗೆ ಕನ್ನಡದಲ್ಲಿ ಬರೆಯುವ ನಮ್ಮ ಓದುಗರ ನೆನಪು ನನಗೆ ಬಂದದ್ದು ಈ ಅಂಕಿ ಓದಿದಾಗ.

ಚಾಟ್‌ಜಿಪಿಟಿಯನ್ನು ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದು ಪರೀಕ್ಷಕವನ್ನು ಹೊರತಂದಿತ್ತು. ಯಂತ್ರದ ಬರಹಗಳಲ್ಲಿ ಅದು ಸರಿಯಾಗಿ ಗುರುತಿಸಿದ್ದು ಶೇ 26ನ್ನು. ಮನುಷ್ಯರ ಬರಹಗಳಲ್ಲಿ ಶೇ 9ನ್ನು ಯಂತ್ರದ್ದೆಂದು ತಪ್ಪಾಗಿ ಹೇಳಿತು. ಶೇ 9 ಎಂದರೆ ಸಣ್ಣ ತಪ್ಪು ಎನಿಸಬಹುದು. ಲೆಕ್ಕ ಹಾಕಿ ನೋಡೋಣ. ನಮಗೆ ಸಾವಿರ ಪತ್ರ ಬಂದು, ಅದರಲ್ಲಿ ನೂರು ಯಂತ್ರದ್ದು, ಒಂಬೈನೂರು ಮನುಷ್ಯರದ್ದು ಎಂದಿಟ್ಟುಕೊಳ್ಳಿ. ಪರೀಕ್ಷಕ ನೂರರಲ್ಲಿ 26ನ್ನು ಹಿಡಿಯುತ್ತದೆ. ಒಂಬೈನೂರರಲ್ಲಿ 81 ಜನರ ಮೇಲೆ ಸುಳ್ಳು ಆರೋಪ ಹೊರಿಸುತ್ತದೆ. ಅಂದರೆ ಅದು ಬೆರಳು ತೋರಿಸಿದ 107 ಪತ್ರಗಳಲ್ಲಿ 81 ನಿರಪರಾಧಿಗಳವು, ಉಳಿದ 74 ಯಂತ್ರದ ಪತ್ರಗಳು ನೆಮ್ಮದಿಯಾಗಿ ಅಚ್ಚಿಗೆ ಹೋಗುತ್ತವೆ. ಇದು ಕೂಡ ಇಂಗ್ಲಿಷ್‌ನ ಲೆಕ್ಕ. ಬೇರೆ ಭಾಷೆಗಳಲ್ಲಿ ಇನ್ನೂ ಕೆಟ್ಟದಾಗಿ ಕೆಲಸ ಮಾಡುತ್ತದೆ, ಸಾವಿರ ಅಕ್ಷರಕ್ಕಿಂತ ಚಿಕ್ಕ ಬರಹದಲ್ಲಿ ನಂಬಬೇಡಿ ಎಂದು ಕಂಪನಿಯೇ ಎಚ್ಚರಿಸಿತ್ತು. ನಮ್ಮ ಅಂಕಣದ ಎಷ್ಟೋ ಪತ್ರಗಳು ಆ ಅಳತೆಯೊಳಗೇ ಮುಗಿಯುತ್ತವೆ. ಅದೇ ವರ್ಷದ ಜುಲೈನಲ್ಲಿ, ನಿಖರತೆ ಸಾಲದೆಂಬ ಕಾರಣ ಕೊಟ್ಟು ಅವರು ಅದನ್ನು ಹಿಂತೆಗೆದುಕೊಂಡರು. ಆಮೇಲೆ ಬಂದ ಪರೀಕ್ಷಕಗಳು ಇಂಗ್ಲಿಷ್‌ನಲ್ಲಿ ಸುಧಾರಿಸಿರಬಹುದು. ಆದರೆ ಕನ್ನಡದ ಒಂದು ಪತ್ರವನ್ನು ತಂತ್ರಾಂಶದ ಶೇಕಡಾವಾರು ಅಂಕಿ ನೋಡಿ ಕಸದ ಬುಟ್ಟಿಗೆ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಒಪ್ಪದಿರಲು ಇನ್ನೊಂದು ಕಾರಣವಿದೆ, ಅದನ್ನು ಮುಚ್ಚಿಡಬಾರದು. ನಾವು ಪರೀಕ್ಷಕವನ್ನು ಬಳಸುತ್ತಿದ್ದ ದಿನಗಳಲ್ಲಿ ನಿವೃತ್ತ ಅಧ್ಯಾಪಕರೊಬ್ಬರ ಪತ್ರ ಬಂತು. ತಾಲ್ಲೂಕು ಗ್ರಂಥಾಲಯದ ಸ್ಥಿತಿಯ ಬಗ್ಗೆ ಬರೆದಿದ್ದರು. ಅಚ್ಚುಕಟ್ಟಾದ ಗ್ರಾಂಥಿಕ ಕನ್ನಡ, ಒಂದೇ ಒಂದು ಕಾಗುಣಿತದ ತಪ್ಪಿಲ್ಲ. ಪರೀಕ್ಷಕ ಅದನ್ನು ಯಂತ್ರದ್ದೆಂದಿತು, ನಾವು ಕೈಬಿಟ್ಟೆವು, ಕಾರಣವನ್ನೂ ತಿಳಿಸಿದೆವು. ಎರಡು ವಾರದ ನಂತರ ಅಂಚೆಯಲ್ಲಿ ಒಂದು ಲಕೋಟೆ ಬಂತು. ಅದರೊಳಗೆ ಆ ಪತ್ರದ ಕೈಬರಹದ ಕರಡು ಇತ್ತು. ಎರಡು ಕಡೆ ಹೊಡೆದು ಹಾಕಿ ತಿದ್ದಿದ್ದರು, ಅಂಚಿನಲ್ಲಿ ಗ್ರಂಥಾಲಯದ ಕಪಾಟುಗಳನ್ನು ಎಣಿಸಿ ಬರೆದುಕೊಂಡಿದ್ದರು. ಜೊತೆಗೆ ಒಂದು ಸಾಲು: ‘ತಪ್ಪಿಲ್ಲದೆ ಬರೆಯುವುದನ್ನು ನಲವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇನೆ, ಅದು ಈಗ ತಪ್ಪಾಯಿತೇ?’ ನಾನು ಫೋನ್ ಮಾಡಿ ಕ್ಷಮೆ ಕೇಳಿದೆ, ಪತ್ರ ಪ್ರಕಟಿಸಿದೆವು. ಪರೀಕ್ಷಕದ ಬಳಕೆ ಅಂದೇ ನಿಂತಿತು. ಆಗ ನಮಗೆ ಹೊಳೆದ ಇನ್ನೊಂದು ವಿಷಯವೂ ಇದೆ. ನಂಬಿಕೆಯಿಂದ ನಮಗೆ ಬರೆದ ಪತ್ರವನ್ನು, ಕೆಲವೊಮ್ಮೆ ಹೆಸರು ವಿಳಾಸಗಳ ಸಮೇತ, ಯಾವುದೋ ಕಂಪನಿಯ ಸರ್ವರ್‌ಗೆ ಕಳಿಸುವ ಹಕ್ಕು ನಮಗೆ ಇರಲಿಲ್ಲ.

ಈಗ ಏನು ಮಾಡುತ್ತೇವೆ ಎಂಬುದನ್ನು ಒಂದು ನಿಜ ಪ್ರಸಂಗದ ಮೂಲಕ ಹೇಳುತ್ತೇನೆ. ಜನರ ಗುರುತು ಬಿಟ್ಟುಕೊಡದಿರಲು ಊರಿನ ಹೆಸರು ಬರೆಯುತ್ತಿಲ್ಲ.

ಒಂದು ತಾಲ್ಲೂಕು ಕೇಂದ್ರದಿಂದ ಐದು ದಿನದಲ್ಲಿ ನಾಲ್ಕು ಪತ್ರ ಬಂದವು. ವಿಷಯ ಒಂದೇ: ಪೇಟೆಯೊಳಗಿನ ತರಕಾರಿ ಮಾರುಕಟ್ಟೆಯನ್ನು ಊರ ಹೊರಗಿನ ಎಪಿಎಂಸಿ ಯಾರ್ಡ್‌ಗೆ ಸ್ಥಳಾಂತರಿಸಬೇಕು. ಮೂರು ಇಮೇಲ್, ಒಂದು ವಾಟ್ಸ್‌ಆ್ಯಪ್. ನಾಲ್ವರದೂ ಬೇರೆ ಬೇರೆ ಒಕ್ಕಣೆ. ಪ್ರತಿ ಪತ್ರದಿಂದ ಒಂದೊಂದು ಸಾಲು ತೆಗೆದು ಅಂತರ್ಜಾಲದಲ್ಲಿ, ನಮ್ಮ ಹಳೆಯ ಸಂಚಿಕೆಗಳಲ್ಲಿ ಹುಡುಕಿದೆವು, ಎಲ್ಲೂ ಸಿಗಲಿಲ್ಲ. ಒಂದೇ ಊರಿನ ನಾಲ್ಕು ಜನ ಒಂದೇ ಸಮಸ್ಯೆಯ ಬಗ್ಗೆ ಬರೆಯುವುದು ಸಹಜವೇ. ಆದ್ದರಿಂದ ಅಷ್ಟಕ್ಕೇ ಅನುಮಾನ ಪಡಲಿಲ್ಲ.

ನಮ್ಮ ಪತ್ರ ವಿಭಾಗದ ಸಹೋದ್ಯೋಗಿ ಆಗ ಒಂದು ಕೆಲಸ ಮಾಡಿದರು. ಪ್ರತಿ ಪತ್ರದ ಮಾತುಗಳನ್ನು ಬಿಟ್ಟು ಎಲುಬನ್ನು ಮಾತ್ರ ಹಾಳೆಯಲ್ಲಿ ಬರೆದರು: ಮೊದಲು ಏನು ಹೇಳಿದ್ದಾರೆ, ಆಮೇಲೆ ಏನು, ಯಾವ ಉದಾಹರಣೆ, ಕೊನೆಗೆ ಏನು ಕೇಳಿದ್ದಾರೆ. ನಾಲ್ಕೂ ಹಾಳೆಗಳಲ್ಲಿ ಮೊದಲು ಸಂಚಾರ ದಟ್ಟಣೆ, ನಂತರ ಸ್ವಚ್ಛತೆ, ನಂತರ ‘ಕೆಲವು ವ್ಯಾಪಾರಿಗಳ ಸ್ವಾರ್ಥ’, ಕೊನೆಗೆ ‘ಆಡಳಿತ ಒತ್ತಡಕ್ಕೆ ಮಣಿಯಬಾರದು’. ಕ್ರಮ ಒಂದಿಷ್ಟೂ ಆಚೀಚೆ ಇರಲಿಲ್ಲ. ನಿಜವಾಗಿ ನಾಲ್ಕು ಜನ ಬರೆದರೆ ಹೀಗಾಗುವುದಿಲ್ಲ. ಒಬ್ಬರು ನೇರವಾಗಿ ಸಿಟ್ಟಿನಿಂದ ಶುರು ಮಾಡುತ್ತಾರೆ, ಇನ್ನೊಬ್ಬರು ತಮ್ಮ ಮನೆಯ ಮುಂದಿನ ಚರಂಡಿಯಿಂದ.

ಆಮೇಲೆ ನಾವು ಗಮನಿಸಿದ್ದು ಪತ್ರಗಳಲ್ಲಿ ಏನಿಲ್ಲ ಎಂಬುದನ್ನು. ಆ ಊರಿನಲ್ಲಿ ಸೋಮವಾರ ಸಂತೆ. ಅಂದು ಹಳ್ಳಿಗಳಿಂದ ಬಂದವರು ಅದೇ ರಸ್ತೆಯಲ್ಲಿ ಗೋಣಿ ಹಾಸಿ ಕೂರುತ್ತಾರೆ, ಬಸ್ಸು ಸುತ್ತಿ ಹೋಗುತ್ತದೆ. ಇದನ್ನು ನಮಗೆ ಹೇಳಿದ್ದು ಅಲ್ಲಿನ ನಮ್ಮ ವರದಿಗಾರರು. ನಾಲ್ಕು ಪತ್ರಗಳಲ್ಲಿ ಒಂದರಲ್ಲೂ ಸಂತೆಯ ಮಾತಿಲ್ಲ, ರಸ್ತೆಯ ಹೆಸರಿಲ್ಲ. ಆದರೆ ಒಂದು ಪತ್ರದಲ್ಲಿ ಮಾರುಕಟ್ಟೆ ಸ್ಥಳಾಂತರದ ಬಗ್ಗೆ ಸರ್ಕಾರಿ ಆದೇಶವೊಂದರ ಸಂಖ್ಯೆ, ದಿನಾಂಕ ಎಲ್ಲ ಇತ್ತು. ಹುಡುಕಿಸಿದೆವು. ಅಂಥ ಆದೇಶವೇ ಇರಲಿಲ್ಲ.

ನಮ್ಮ ಅನುಭವದಲ್ಲಿ ಇದು ಎಲ್ಲಕ್ಕಿಂತ ಗಟ್ಟಿಯಾದ ಸುಳಿವು. ಯಂತ್ರದ ಪತ್ರದಲ್ಲಿ ದೂರದ್ದು ನಿಖರವಾಗಿರುತ್ತದೆ, ಹತ್ತಿರದ್ದು ಮಸುಕಾಗಿರುತ್ತದೆ. ಕಾಯ್ದೆಯ ಕಲಂ, ವರದಿಯ ಹೆಸರು, ಅಂಕಿಅಂಶ ಎಲ್ಲ ಸಿದ್ಧವಿರುತ್ತವೆ. ಅವುಗಳಲ್ಲಿ ಕೆಲವು ಸುಳ್ಳಾಗಿರುತ್ತವೆ, ಏಕೆಂದರೆ ಯಂತ್ರ ನಂಬುವಂತೆ ಕಾಣುವ ಸಂಖ್ಯೆಯನ್ನು ಸೃಷ್ಟಿಸಬಲ್ಲದು. ಮನುಷ್ಯರ ಪತ್ರ ಇದಕ್ಕೆ ತಿರುಗುಮುರುಗು. ಕಾಯ್ದೆಯ ಹೆಸರು ತಪ್ಪಿರುತ್ತದೆ, ಆದರೆ ಯಾವ ಕಂಬದ ದೀಪ ಉರಿಯುತ್ತಿಲ್ಲ ಎಂಬುದು ಸರಿಯಾಗಿರುತ್ತದೆ.

ಭಾಷೆಯ ಸುಳಿವುಗಳೂ ಇವೆ. ‘ಐದು ಬಸ್ಸು’ ಎನ್ನುವಲ್ಲಿ ಪ್ರತಿ ಸಲವೂ ‘ಐದು ಬಸ್ಸುಗಳು’ ಎಂದಿರುತ್ತದೆ. ‘ಕಟ್ಟಿದ್ದಾರೆ’ ಎಂಬಲ್ಲಿ ‘ನಿರ್ಮಿಸಲ್ಪಟ್ಟಿದೆ’ ಇರುತ್ತದೆ. ‘ಇದು ಕೇವಲ ರಸ್ತೆಯ ಪ್ರಶ್ನೆಯಲ್ಲ, ನಮ್ಮ ಘನತೆಯ ಪ್ರಶ್ನೆ’ ಎಂಬಂಥ ವಾಕ್ಯ ಒಂದೇ ಪತ್ರದಲ್ಲಿ ಎರಡು ಮೂರು ಸಲ ತಿರುಗಿ ಬರುತ್ತದೆ. ಕೆಲವೊಮ್ಮೆ ಶೀರ್ಷಿಕೆಯ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಉಳಿದಿರುತ್ತದೆ, ಕೊನೆಯಲ್ಲಿ ‘ನಿಮ್ಮ ಹೆಸರು ಇಲ್ಲಿ ಬರೆಯಿರಿ’ ಎಂಬ ಸೂಚನೆ ಹಾಗೇ ಇರುತ್ತದೆ. ಕೊನೆಯ ಎರಡನ್ನು ಬಿಟ್ಟರೆ ಉಳಿದವು ಯಾವುವೂ ಸಾಕ್ಷಿಯಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕನ್ನಡದಲ್ಲಿ ಬರೆಯಲು ಹೊರಟ ಹುಡುಗರೂ ಹೀಗೆ ಬರೆಯುತ್ತಾರೆ, ಅನುವಾದಕರೂ ಬರೆಯುತ್ತಾರೆ. ನಾವು ಪತ್ರಿಕೆಯವರೂ ಬರೆಯುತ್ತೇವೆ. ಕಾಗುಣಿತ ತಪ್ಪಿದ್ದರೆ ಮನುಷ್ಯರದ್ದು ಎಂಬ ಲೆಕ್ಕವೂ ನಡೆಯುವುದಿಲ್ಲ, ನಾಲ್ಕು ತಪ್ಪು ಸೇರಿಸು ಎಂದರೆ ಯಂತ್ರ ಸೇರಿಸುತ್ತದೆ. ಆದ್ದರಿಂದ ಭಾಷೆ ನೋಡಿ ನಾವು ಪತ್ರ ತಿರಸ್ಕರಿಸುವುದಿಲ್ಲ. ಯಾರಿಗೆ ಮೊದಲು ಫೋನ್ ಮಾಡಬೇಕು ಎಂಬುದನ್ನಷ್ಟೇ ಅದರಿಂದ ತೀರ್ಮಾನಿಸುತ್ತೇವೆ.

ಫೋನ್ ಮಾಡಿದಾಗ ಕೇಳುವ ಪ್ರಶ್ನೆಗಳು ಕಷ್ಟದವಲ್ಲ. ಮಾರುಕಟ್ಟೆ ನಿಮ್ಮ ಮನೆಯಿಂದ ಎಷ್ಟು ದೂರ? ಕೊನೆಯ ಸಲ ಯಾವಾಗ ಹೋಗಿದ್ದಿರಿ? ಪತ್ರದಲ್ಲಿ ಹೇಳಬೇಕೆಂದಿದ್ದು ಬಿಟ್ಟುಹೋದದ್ದು ಏನಾದರೂ ಇದೆಯೇ? ಮೂರನೆಯದೇ ಮುಖ್ಯ. ನಿಜವಾಗಿ ಬರೆದವರಿಗೆ ಪದಮಿತಿಯಿಂದಾಗಿ ಬಿಟ್ಟ ಸಂಗತಿ ಇದ್ದೇ ಇರುತ್ತದೆ, ಕೇಳಿದ ಕೂಡಲೇ ಹತ್ತು ನಿಮಿಷ ಹೇಳುತ್ತಾರೆ. ಬರೆಯದವರು ಪತ್ರವನ್ನೇ ಮತ್ತೆ ಓದಿ ಹೇಳುತ್ತಾರೆ.

ಆ ನಾಲ್ವರಲ್ಲಿ ಒಬ್ಬರ ನಂಬರು ಚಾಲ್ತಿಯಲ್ಲಿರಲಿಲ್ಲ. ಆದೇಶದ ಸಂಖ್ಯೆ ಬರೆದಿದ್ದವರು ‘ಅದು ಎಲ್ಲಿಂದ ಬಂತೋ ಗೊತ್ತಿಲ್ಲ’ ಎಂದು ಫೋನ್ ಇಟ್ಟರು. ಮೂರನೆಯ ಯುವಕ ಪ್ರಾಮಾಣಿಕವಾಗಿ ಹೇಳಿದ: ‘ಸಾರ್, ನಮ್ಮ ಗ್ರೂಪಲ್ಲಿ ಪಾಯಿಂಟ್ಸ್ ಹಾಕಿದ್ರು. ಆ್ಯಪ್‌ಗೆ ಹಾಕಿ ನಿಮ್ಮ ಹೆಸರಲ್ಲಿ ಪತ್ರಿಕೆಗೆ ಕಳಿಸಿ ಅಂದ್ರು. ನಾನು ಮಾರ್ಕೆಟ್ಟಿಗೆ ಹೋಗೋದೇ ಕಮ್ಮಿ.’ ನಾಲ್ಕೂ ಪತ್ರಗಳ ಎಲುಬು ಏಕೆ ಒಂದೇ ಎಂಬುದು ಅಲ್ಲಿ ತಿಳಿಯಿತು. ಆ ಅಂಶಗಳನ್ನು ಹಾಕಿದವರಿಗೆ ಯಾರ್ಡ್‌ನಲ್ಲಿ ಮಳಿಗೆ ಇದೆಯೋ, ಬರೀ ಸಾರ್ವಜನಿಕ ಕಾಳಜಿಯೋ ಎಂಬುದು ನಮಗೆ ಗೊತ್ತಾಗಲಿಲ್ಲ.

ನಾಲ್ಕನೆಯವರಿಗೆ ಫೋನ್ ಮಾಡುವ ಅಗತ್ಯವಿಲ್ಲ, ಎಲ್ಲವನ್ನೂ ಒಟ್ಟಿಗೆ ಬಿಡೋಣ ಎಂದು ಆ ಹೊತ್ತಿಗೆ ನಮ್ಮಲ್ಲಿ ಒಬ್ಬರು ಹೇಳಿದರು. ಅದೃಷ್ಟವಶಾತ್ ಹಾಗೆ ಮಾಡಲಿಲ್ಲ. ಫೋನ್ ಎತ್ತಿದವರು ಆ ಮಾರುಕಟ್ಟೆಯ ಪಕ್ಕದ ಗಲ್ಲಿಯಲ್ಲೇ ಇರುವ ಗೃಹಿಣಿ. ‘ಬೆಳಗಿನ ಜಾವ ನಾಲ್ಕೂವರೆಗೆ ಲಾರಿ ಬರ್ತಾವೆ. ಸೋಮವಾರ ನಮ್ಮ ಗೇಟು ತೆಗೆಯೋಕೇ ಆಗಲ್ಲ. ಹೋದ ಮಳೆಗಾಲದಲ್ಲಿ ಅತ್ತೆಗೆ ಉಸಿರು ಕಟ್ಟಿದಾಗ ಕುರ್ಚೀಲಿ ಕೂರಿಸಿಕೊಂಡು ಮೇನ್ ರೋಡ್‌ವರೆಗೆ ಹೊತ್ತುಕೊಂಡು ಹೋದ್ವಿ, ಆಂಬುಲೆನ್ಸ್ ಒಳಗೆ ಬರಲಿಲ್ಲ’ ಎಂದರು. ಇದನ್ನೇ ಏಕೆ ಬರೆಯಲಿಲ್ಲ ಎಂದು ಕೇಳಿದೆವು. ಬರೆದಿದ್ದರಂತೆ. ‘ಪೇಪರಿಗೆ ಹೋಗೋದಲ್ವಾ, ಚೆನ್ನಾಗಿರಲಿ ಅಂತ ಗ್ರೂಪಿನಲ್ಲಿ ಹೇಳಿದ ಪಾಯಿಂಟ್ಸ್ ಸೇರಿಸಿ ಆ್ಯಪ್‌ನಲ್ಲಿ ಸರಿ ಮಾಡಿಸ್ದೆ. ಅದು ಹಾಗೆ ಬರೆದುಕೊಡ್ತು.’

ಕುರ್ಚಿ, ಗೇಟು, ನಾಲ್ಕೂವರೆ ಗಂಟೆಯ ಲಾರಿ ಎಲ್ಲವೂ ಆ ‘ಸರಿ ಮಾಡಿಸುವ’ ಹೊತ್ತಿನಲ್ಲಿ ತೊಳೆದುಹೋಗಿದ್ದವು. ‘ಸಾರ್ವಜನಿಕರಿಗೆ ತೀವ್ರ ಅನಾನುಕೂಲವಾಗುತ್ತಿದೆ’ ಎಂಬ ಒಂದು ಸಾಲು ಉಳಿದಿತ್ತು. ಮೊದಲು ಬರೆದದ್ದನ್ನೇ ಕಳಿಸಿ ಎಂದೆವು. ಮೊಬೈಲ್‌ನಲ್ಲಿ ಉಳಿದಿದ್ದ ಅದನ್ನು ಕಳಿಸಿದರು. ಎರಡು ಕಡೆ ಕಾಗುಣಿತ ತಿದ್ದಿ, ಅವರಿಗೆ ಓದಿ ಹೇಳಿ, ಪ್ರಕಟಿಸಿದೆವು. ಉಳಿದ ಮೂರನ್ನು ಬಿಟ್ಟೆವು. ಸ್ಥಳಾಂತರ ಬೇಡ ಎನ್ನುವ ವ್ಯಾಪಾರಿಯೊಬ್ಬರ ಪತ್ರವೂ ಅದೇ ವಾರ ಬಂದಿತ್ತು, ಅವರೊಂದಿಗೂ ಮಾತನಾಡಿ ಅದನ್ನೂ ಹಾಕಿದೆವು. ವಿವಾದದ ವಿಷಯದಲ್ಲಿ ಪತ್ರ ಅಂಕಣ ಒಂದೇ ಕಡೆಗೆ ವಾಲಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿಯ ಮಾರ್ಗಸೂಚಿಯೂ ಹೇಳುತ್ತದೆ.

ಹಾಗಾದರೆ ಯಂತ್ರದ ಸಹಾಯ ಪಡೆಯುವುದೇ ತಪ್ಪೇ? ನಾನು ಹಾಗೆ ಹೇಳುವುದಿಲ್ಲ. ಅಂಚೆ ಕಚೇರಿಯ ಮುಂದೆ ಕೂತು ಬೇರೆಯವರ ಪರವಾಗಿ ಕಾಗದ ಬರೆದುಕೊಡುವವರು ನಮ್ಮಲ್ಲಿ ಇದ್ದರು. ಊರ ಮೇಷ್ಟ್ರು ಬರೆದು, ರೈತ ಹೆಬ್ಬೆಟ್ಟು ಒತ್ತಿದ ಪತ್ರಗಳನ್ನು ಪತ್ರಿಕೆಗಳು ಗೌರವದಿಂದ ಪ್ರಕಟಿಸಿವೆ. ಇಂದು ಕಣ್ಣು ಕಾಣದವರು ಮೊಬೈಲಿಗೆ ಹೇಳಿ ಬರೆಸುತ್ತಾರೆ, ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಟೈಪ್ ಮಾಡುತ್ತಾಳೆ. ಬೆರಳು ಯಾರದ್ದು ಎಂಬುದು ನಮ್ಮ ಪ್ರಶ್ನೆಯಲ್ಲ. ಕಂಡದ್ದು ನಿಮ್ಮದೇ? ಅಭಿಪ್ರಾಯ ನಿಮ್ಮದೇ? ನಾಳೆ ಯಾರಾದರೂ ಪ್ರಶ್ನಿಸಿದರೆ ಉತ್ತರ ಕೊಡುವವರು ನೀವೇ? ಈ ಮೂರಕ್ಕೂ ಹೌದು ಎಂದಾದರೆ ಕಾಗುಣಿತ ಯಾರು ತಿದ್ದಿದರೂ ನಮಗೆ ತಕರಾರಿಲ್ಲ. ಯಂತ್ರದಿಂದಲೇ ಇಡೀ ಪತ್ರ ಬರೆಸಿದ್ದರೆ ಮಾತ್ರ, ಅಭಿಪ್ರಾಯ ನಿಮ್ಮದೇ ಆಗಿದ್ದರೂ, ನಿಮ್ಮ ಮಾತಿನಲ್ಲೇ ಇನ್ನೊಮ್ಮೆ ಬರೆಯಿರಿ ಎಂದು ಕೇಳುತ್ತೇವೆ. ಆ ಗೃಹಿಣಿಯ ಪತ್ರದಲ್ಲಿ ಏನು ಕಳೆದುಹೋಗಿತ್ತು ಎಂಬುದನ್ನು ಕಂಡ ಮೇಲೆ ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಈ ಕ್ರಮ ಎಲ್ಲವನ್ನೂ ಹಿಡಿಯುತ್ತದೆ ಎಂದು ಮಾತು ಕೊಡಲಾರೆ. ತಮ್ಮ ಊರನ್ನು ಚೆನ್ನಾಗಿ ಬಲ್ಲವರು ಆ ವಿವರಗಳನ್ನು ಯಂತ್ರಕ್ಕೆ ಕೊಟ್ಟು ಬರೆಸಿ, ನಮ್ಮ ಫೋನಿಗೂ ಸರಿಯಾಗಿ ಉತ್ತರಿಸಿದರೆ ನಮಗೆ ಗೊತ್ತಾಗುವುದಿಲ್ಲ. ಸಾಹಿತ್ಯ, ಸಿನಿಮಾ, ದೇಶದ ರಾಜಕಾರಣದಂಥ ವಿಷಯಗಳಲ್ಲಿ ಊರಿನ ವಿವರವೇ ಇರುವುದಿಲ್ಲವಾದ್ದರಿಂದ ಅಲ್ಲಿ ನಮ್ಮ ಕಣ್ಣು ಇನ್ನೂ ಮಂದ. ಅಂಥ ಪತ್ರಗಳಲ್ಲಿ ಉಲ್ಲೇಖಿಸಿದ ಪುಸ್ತಕ, ವರದಿ, ಮಾತುಗಳನ್ನು ಮೂಲದಲ್ಲಿ ನೋಡುತ್ತೇವೆ. ಮೂಲ ಸಿಗದಿದ್ದರೆ ಆ ಭಾಗ ತೆಗೆಯುತ್ತೇವೆ, ಅದಿಲ್ಲದೆ ಪತ್ರ ನಿಲ್ಲದಿದ್ದರೆ ಪ್ರಕಟಿಸುವುದಿಲ್ಲ. ಫೋನ್ ಮಾಡಲು ಸಮಯ ಬೇಕಾಗುವುದರಿಂದ ಮೊದಲಿಗಿಂತ ಎರಡು ಮೂರು ದಿನ ತಡವಾಗುತ್ತಿದೆ. ಆ ತಡವನ್ನು ನಾವು ಒಪ್ಪಿಕೊಂಡಿದ್ದೇವೆ, ನೀವೂ ಸಹಿಸಿಕೊಳ್ಳಬೇಕು.

ಇನ್ನು ನಿಮ್ಮಲ್ಲಿ ನನ್ನ ಕೋರಿಕೆ. ಪತ್ರದ ಜೊತೆ ಪೂರ್ಣ ಹೆಸರು, ವಿಳಾಸ, ನೀವೇ ಎತ್ತುವ ಫೋನ್ ನಂಬರು ಇರಲಿ. ವಿಳಾಸ, ನಂಬರು ಅಚ್ಚಾಗುವುದಿಲ್ಲ. ಯಾರಾದರೂ, ಯಾವುದಾದರೂ ಬರೆಯಲು ನೆರವಾಗಿದ್ದರೆ ಕೆಳಗೆ ಒಂದು ಸಾಲು ತಿಳಿಸಿ, ಅದೊಂದೇ ಕಾರಣಕ್ಕೆ ಪತ್ರ ಬೀಳುವುದಿಲ್ಲ. ಯಂತ್ರದ್ದೆಂಬ ಅನುಮಾನದಿಂದ ನಿಮ್ಮ ಪತ್ರ ಕೈಬಿಟ್ಟಿದ್ದೇವೆ ಎನಿಸಿದರೆ ನೇರವಾಗಿ ನನಗೆ ಬರೆಯಿರಿ, ಅಂಥ ಪ್ರತಿ ಪತ್ರವನ್ನೂ ನಾನೇ ಓದಿ, ನಾನೇ ಫೋನ್ ಮಾಡುತ್ತೇನೆ. ನಮ್ಮ ಕರೆಗಳು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರಿಂದ ಒಂದು ಗಂಟೆಯೊಳಗೆ ಬರುತ್ತವೆ. ಹೊಸ ನಂಬರು ಎಂದು ಕತ್ತರಿಸಬೇಡಿ, ದಯವಿಟ್ಟು ಎತ್ತಿಕೊಳ್ಳಿ.

ನಿಮ್ಮ
ಓದುಗರ ಸಂಪಾದಕ